15 ಅಂಗಡಿ, 20 ಅಂಗಡಿ ಮತ್ತು n! ನ ಲಾಗ್

ಮಂಗಳೂರಿನ ಒಂದು ಬೇಕರಿಯವರಿಗೆ ವ್ಯಾನಿನ ದಾರಿ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಬರೆದು ಕೊಟ್ಟೆ. ಬೆಳಿಗ್ಗೆ ಹಂಪನಕಟ್ಟೆ ಕಡೆಯಿಂದ ಹೊರಟ ವ್ಯಾನು ಸುರತ್ಕಲ್‌ನಿಂದ ತೊಕ್ಕೊಟ್ಟಿನವರೆಗೆ ಚದುರಿಕೊಂಡ 15 ಅಂಗಡಿಗಳಿಗೆ ಬ್ರೆಡ್, ರಸ್ಕ್ ಹಾಕಿ ವಾಪಸ್ ಬರಬೇಕು. ಯಾವ ಅಂಗಡಿ ಮೊದಲು, ಯಾವುದು ಆಮೇಲೆ ಅನ್ನುವುದೇ ಪ್ರಶ್ನೆ. ಎಲ್ಲಾ ಕ್ರಮಗಳನ್ನೂ ಒಂದೊಂದಾಗಿ ನೋಡುವುದಾದರೆ 15! ಕ್ರಮಗಳು. ರಾತ್ರಿ ಕಂಪ್ಯೂಟರ್ ಓಡಲು ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮುಗಿಯುತ್ತದಾ ಅಂತ ಮೊದಲು ನೋಡಬೇಕಿತ್ತು.

ಇಂಥ ಲೆಕ್ಕವನ್ನು ನಾನು ಕೋಡ್ ಬರೆಯುವ ಮೊದಲೇ ಕಾಗದದ ಮೇಲೆ ಮಾಡುತ್ತೇನೆ. n!, 2ⁿ, n² ಮುಂತಾದವನ್ನು ನೇರವಾಗಿ ಪಕ್ಕಪಕ್ಕ ಇಟ್ಟರೆ ಅಂಕಿಗಳ ಉದ್ದ ನೋಡಿಯೇ ತಲೆ ತಿರುಗುತ್ತದೆ. ಎಲ್ಲದಕ್ಕೂ ಲಾಗ್ ತೆಗೆದರೆ ಗುಣಾಕಾರ ಕೂಡಿಸುವುದಾಗುತ್ತದೆ, ಘಾತ ಗುಣಾಕಾರವಾಗುತ್ತದೆ. n² ನ ಲಾಗ್ 2 ln n. 2ⁿ ನ ಲಾಗ್ n ln 2, ಅಂದರೆ ಸುಮಾರು 0.693n. ಈ ಎರಡಕ್ಕೆ ಯೋಚಿಸುವಂಥದ್ದು ಏನೂ ಇಲ್ಲ. ಕಿರಿಕಿರಿ ಇರುವುದು n! ನಲ್ಲಿ ಮಾತ್ರ, ಯಾಕೆಂದರೆ ಅದರ ಲಾಗ್ ಒಂದು ಉದ್ದದ ಮೊತ್ತ:

ln(n!) = ln 1 + ln 2 + ln 3 + … + ln n

ಎಷ್ಟು ದೊಡ್ಡದು ಅಂತ ಅಂದಾಜು ಸಾಕಾದರೆ ಒಂದು ಸುಲಭದ ದಾರಿ ಇದೆ. ಮೊತ್ತದಲ್ಲಿ n ಪದಗಳಿವೆ, ಯಾವುದೂ ln n ಗಿಂತ ದೊಡ್ಡದಲ್ಲ. ಹಾಗಾಗಿ ಮೊತ್ತ n ln n ಅನ್ನು ಮೀರುವುದಿಲ್ಲ. ಇನ್ನು ಮೇಲಿನ ಅರ್ಧ ಪದಗಳನ್ನಷ್ಟೇ ಹಿಡಿದರೆ, ಅವು ಒಂದೊಂದೂ ln(n/2) ಅಥವಾ ಅದಕ್ಕಿಂತ ಜಾಸ್ತಿ. ಹಾಗಾಗಿ ಮೊತ್ತ (n/2) ln(n/2) ಗಿಂತ ಕಡಿಮೆ ಆಗುವುದೂ ಇಲ್ಲ. ಎರಡೂ ಕಡೆ n ln n ನ ಅಳತೆಯೇ. ಪರೀಕ್ಷೆಯಲ್ಲಿ ಬರೆಯಲು ಇಷ್ಟು ಸಾಕು. ಬೇಕರಿಗೆ ಸಾಲದು.

ಅದಕ್ಕೆ ಗ್ರಾಫ್ ಹಾಳೆ ತೆಗೆದುಕೊಂಡೆ. y = ln x ಗೆರೆ ಎಳೆದು x = 1, 2, 3 … n ಹತ್ತಿರ ನೇರ ಕಂಬಗಳನ್ನು ನಿಲ್ಲಿಸಿದರೆ, ಕಂಬಗಳ ಎತ್ತರಗಳ ಮೊತ್ತವೇ ln(n!). ಗೆರೆಯ ಕೆಳಗಿನ ಜಾಗದ ವಿಸ್ತೀರ್ಣ, 1 ರಿಂದ n ವರೆಗೆ, n ln n − n + 1. ಈಗ ಪಕ್ಕಪಕ್ಕದ ಕಂಬಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಪ್ರತಿ ಎರಡು ಕಂಬಗಳ ನಡುವೆ ಒಂದು ತ್ರಾಪಿಜ್ಯ ಆಗುತ್ತದೆ. ಅದರ ವಿಸ್ತೀರ್ಣ ಎರಡು ಎತ್ತರಗಳ ಸರಾಸರಿ. ಎಲ್ಲಾ ಕೂಡಿಸಿದಾಗ ನಡುವಿನ ಪ್ರತಿ ಕಂಬವೂ ಪೂರ್ತಿ ಸಿಗುತ್ತದೆ, ಎಡಕ್ಕೊಂದು ಅರ್ಧ, ಬಲಕ್ಕೊಂದು ಅರ್ಧ. ಆದರೆ ಕೊನೆಯ ಕಂಬಕ್ಕೆ ಒಂದೇ ಕಡೆ ನೆರೆ, ಅದರ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದ ಅರ್ಧ, ½ ln n, ನಾವೇ ಕೂಡಿಸಬೇಕು. ಮೊದಲ ಕಂಬದ ಎತ್ತರ ಸೊನ್ನೆ, ಅಲ್ಲಿ ಚಿಂತೆ ಇಲ್ಲ. ಆಗ ಸಿಗುವುದು:

ln(n!) ≈ n ln n − n + ½ ln n + 1

ಪುಸ್ತಕದಲ್ಲಿ ನೋಡಿದಾಗ ಆ ½ ln n ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ. ಬಂದದ್ದು ಆ ಅರ್ಧ ಕಂಬದಿಂದ. ln x ಗೆರೆ ಮೇಲಕ್ಕೆ ಉಬ್ಬಿಕೊಂಡಿರುವುದರಿಂದ ತ್ರಾಪಿಜ್ಯಗಳು ಗೆರೆಗಿಂತ ಸ್ವಲ್ಪ ಕೆಳಗೇ ಉಳಿಯುತ್ತವೆ, ಹಾಗಾಗಿ ನಮ್ಮ ಅಂದಾಜು ನಿಜಕ್ಕಿಂತ ಚೂರು ಜಾಸ್ತಿ ಬರುತ್ತದೆ. n ದೊಡ್ಡದಾದಂತೆ ಕೊನೆಯ 1 ರ ಜಾಗದಲ್ಲಿ ಇರಬೇಕಾದ್ದು ½ ln(2π), ಅಂದರೆ ಸುಮಾರು 0.919. ಇದೇ ಸ್ಟರ್ಲಿಂಗ್ ಸೂತ್ರ. 1730ರ ಸುಮಾರಿಗೆ ದ ಮಾವ್ರ್ ಸೂತ್ರದ ರೂಪ ಕಂಡುಕೊಂಡ, ಆ ಸ್ಥಿರಾಂಕದಲ್ಲಿ 2π ಇದೆ ಅಂತ ತೋರಿಸಿದ್ದು ಜೇಮ್ಸ್ ಸ್ಟರ್ಲಿಂಗ್.

ಈಗ 15ಕ್ಕೆ ಬರೋಣ. ln 15 ಅಂದರೆ 2.708. n ln n − n ಮಾತ್ರ ಇಟ್ಟರೆ 40.62 − 15 = 25.62. ಇದನ್ನು ln 10, ಅಂದರೆ 2.303 ರಿಂದ ಭಾಗಿಸಿದರೆ 11.13, ಅಂದರೆ ಸುಮಾರು 10ರ ಘಾತ 11.13 ಕ್ರಮಗಳು. ನನ್ನ ಲ್ಯಾಪ್‌ಟಾಪ್ ಸೆಕೆಂಡಿಗೆ ಒಂದು ಕೋಟಿ ಕ್ರಮ ನೋಡುತ್ತದೆ ಅಂತ ಹಿಡಿದೆ. ಆ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಕೆಲಸ ಮುಗಿಯಬೇಕು. ರಾತ್ರಿ ಓಡಿಸಬಹುದು ಅನ್ನಿಸುತ್ತದೆ, ಅಲ್ವಾ?

ಅದೇ ½ ln(2πn) ಕೂಡಿಸಿ ನೋಡಿ. 2π × 15 = 94.25, ಅದರ ಲಾಗ್ 4.546, ಅರ್ಧ 2.273. ಮೊತ್ತ 27.89. ಭಾಗಿಸಿದರೆ 12.11. ಈಗ ಸಮಯ 36 ಗಂಟೆ. ನಿಜವಾದ 15! = 13,07,67,43,68,000 ಇಟ್ಟು ಲೆಕ್ಕ ಹಾಕಿದರೂ 36 ಗಂಟೆಯೇ. ಲಾಗ್‌ನಲ್ಲಿ ಬರೀ 2.27 ಬಿಟ್ಟುಹೋದದ್ದು ಕೆಲಸವನ್ನು ಹತ್ತು ಪಟ್ಟು ಕಡಿಮೆ ತೋರಿಸಿತ್ತು. ಸೂತ್ರದ ಮುಂದಿನ ಪದ 1/(12n). ಅದು 15ಕ್ಕೆ 0.0056, ಅಂದರೆ ನೂರಕ್ಕೆ ಅರ್ಧದಷ್ಟು ವ್ಯತ್ಯಾಸ. ಸಮಯ ಅಂದಾಜು ಮಾಡಲು ಅದು ಬೇಡವೇ ಬೇಡ.

ನಾನು ಎಲ್ಲಾ ಕಡೆ ಪಾಲಿಸುವ ನಿಯಮ ಬಂದದ್ದು ಇಲ್ಲಿಂದಲೇ. ಲಾಗ್ ತೆಗೆದ ಮೇಲೆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ನೋಡಬೇಕು, ಅನುಪಾತ ಅಲ್ಲ. 2ⁿ ಮತ್ತು 4ⁿ ಗಳ ಲಾಗ್ 0.69n ಮತ್ತು 1.39n, ಒಂದು ಇನ್ನೊಂದರ ಎರಡರಷ್ಟು ಅಷ್ಟೇ. ‘ಸ್ಥಿರಾಂಕ ತಾನೇ, ಬಿಡಿ’ ಅಂದರೆ ಕೆಟ್ಟಿತು. ವ್ಯತ್ಯಾಸ 0.69n, ಅದು ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ 4ⁿ ಬೇರೆಯೇ ಜಾತಿ. n! ಮತ್ತು nⁿ ಕಥೆಯೂ ಹಾಗೆ. ಎರಡರ ಲಾಗ್ n ln n ನ ಅಳತೆಯದ್ದೇ, ಆದರೆ ಆ ‘− n’ ನಿಂದಾಗಿ n = 20 ಆಗುವಾಗಲೇ nⁿ ನಾಲ್ಕು ಕೋಟಿ ಪಟ್ಟು ದೊಡ್ಡದು.

ಯಾವುದು ಕೊನೆಗೆ ಗೆಲ್ಲುತ್ತದೆ ಅನ್ನುವುದೂ, ಎಲ್ಲಿಂದ ಗೆಲ್ಲುತ್ತದೆ ಅನ್ನುವುದೂ ಬೇರೆ ಬೇರೆ. n¹⁰ ಗಿಂತ 2ⁿ ದೊಡ್ಡದಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ n = 2 ರಿಂದ 58 ರವರೆಗೂ n¹⁰ ಮುಂದೆ ಇರುತ್ತದೆ, 59ರಲ್ಲಿ ಆಟ ತಿರುಗುತ್ತದೆ. 100ⁿ ಮತ್ತು n! ಇನ್ನೂ ತಮಾಷೆ. ಲಾಗ್‌ಗಳ ವ್ಯತ್ಯಾಸ n(ln n − 1 − ln 100) + ½ ln(2πn). ಆವರಣದ ಒಳಗಿನದ್ದು ಸೊನ್ನೆ ಆಗುವುದು n = 100e, ಅಂದರೆ 272ರ ಹತ್ತಿರ. ½ ಪದ ಸೇರಿಸಿದರೆ ಮೂರು ನಾಲ್ಕು ಹೆಜ್ಜೆ ಮೊದಲೇ ಆಗುತ್ತದೆ. ಪರೀಕ್ಷಿಸಿದರೆ 268ರಲ್ಲಿ ವ್ಯತ್ಯಾಸ ಸೊನ್ನೆಗಿಂತ ಕೆಳಗೆ, 269ರಲ್ಲಿ ಮೇಲೆ. n! ಗೆ ಅಷ್ಟು ದೂರ ಬೇಕು.

36 ಗಂಟೆ ಅಂತ ಹೇಳಲು ಹೋದಾಗ ಬೇಕರಿ ಧಣಿಗಳು ಪಟ್ಟಿ ಮುಂದೆ ಇಟ್ಟರು. ಅಂಗಡಿ 20 ಆಗಿತ್ತು. ‘ಐದು ಅಂಗಡಿ ಜಾಸ್ತಿ ಆದದ್ದಕ್ಕೆ ಎಂತ ಆಗ್ತದೆ ಮಾರಾಯ್ರೆ? ಕಂಪ್ಯೂಟರ್ ಉಂಟಲ್ಲ!’ ಆದದ್ದು ಇಷ್ಟು: ಅದೇ ವೇಗದಲ್ಲಿ 20! ಕ್ರಮ ನೋಡಲು ಏಳು ಸಾವಿರದ ಏಳು ನೂರು ವರ್ಷ.

ಇನ್ನೊಂದು ವಿಧಾನ ಇದೆ. ಬೆಲ್‌ಮನ್ ಒಂದು ಕಡೆ, ಹೆಲ್ಡ್ ಮತ್ತು ಕಾರ್ಪ್ ಇನ್ನೊಂದು ಕಡೆ, 1962ರಲ್ಲಿ ಪ್ರಕಟಿಸಿದ್ದು. ‘ಈ ಅಂಗಡಿಗಳೆಲ್ಲ ಮುಗಿದಿವೆ, ಈಗ ಇಲ್ಲಿದ್ದೇವೆ’ ಅನ್ನುವ ಪ್ರತಿ ಸ್ಥಿತಿಗೂ ಅತಿ ಕಡಿಮೆ ದೂರ ಬರೆದಿಟ್ಟುಕೊಳ್ಳುವುದು. ಯಾವ ಕ್ರಮದಲ್ಲಿ ಮುಗಿಸಿದೆವು ಅನ್ನುವುದನ್ನು ಮರೆತುಬಿಡುವುದರಿಂದ n! ಹೋಗಿ ಸುಮಾರು n² × 2ⁿ ಹೆಜ್ಜೆ ಆಗುತ್ತದೆ. ಎರಡನ್ನೂ ಪೈಥಾನ್‌ನಲ್ಲಿ ಪಕ್ಕಪಕ್ಕ ಇಟ್ಟೆ:

```python
from math import lgamma, log
n = 20
print(lgamma(n + 1) / log(10))
print((n * log(2) + 2 * log(n)) / log(10))
```

ಉತ್ತರ 18.39 ಮತ್ತು 8.62. ಸೆಕೆಂಡಿಗೆ ಒಂದು ಕೋಟಿ ಅಂದರೆ ಒಂದು ದಿನಕ್ಕೆ ಹತ್ತಿರ ಹತ್ತಿರ 10¹². ಹಾಗಾಗಿ 12 ದಾಟಿದರೆ ಬಿಟ್ಟುಬಿಡು, ಒಳಗಿದ್ದರೆ ಯೋಚಿಸು ಅಂತ ನಾನು ಇಟ್ಟುಕೊಂಡಿದ್ದೇನೆ. 8.62 ಅಂದರೆ ಒಂದು ನಿಮಿಷದೊಳಗಿನ ಕೆಲಸ.

`lgamma` ಬಳಸುವಾಗ ಒಂದು ಎಚ್ಚರ. ಅದಕ್ಕೆ n + 1 ಕೊಡಬೇಕು. ಸುಮ್ನೆ n ಕೊಟ್ಟರೆ (n−1)! ನ ಲಾಗ್ ಬರುತ್ತದೆ, ದೋಷ ಏನೂ ತೋರಿಸುವುದಿಲ್ಲ. 5ಕ್ಕೆ ಹಾಕಿ 4.787, ಅಂದರೆ ln 120, ಬರುತ್ತದಾ ಅಂತ ಮೊದಲು ನೋಡಿಕೊಳ್ಳಿ. ಇನ್ನು n! ಅನ್ನೇ ಲೆಕ್ಕ ಹಾಕಿ ಆಮೇಲೆ ಲಾಗ್ ತೆಗೆಯುತ್ತೇನೆ ಅಂದರೆ ಜಾವಾದ `long` ನಲ್ಲಿ 20! ವರೆಗೆ ಮಾತ್ರ ಸರಿ. 21! ಋಣಸಂಖ್ಯೆಯಾಗಿ ಬರುತ್ತದೆ. `double` ಆದರೆ 170! ವರೆಗೆ ಹಿಡಿಯುತ್ತದೆ, 171! ಕ್ಕೆ ಅನಂತ ತೋರಿಸುತ್ತದೆ. ಲಾಗ್‌ನ ಲೋಕದಲ್ಲೇ ಉಳಿದರೆ ಈ ತಂಟೆ ಇಲ್ಲ.

ಹೆಲ್ಡ್–ಕಾರ್ಪ್‌ಗೆ ಮೊದಲು ಕೈಕೊಡುವುದು ಸಮಯ ಅಲ್ಲ, ಮೆಮೊರಿ. n × 2ⁿ ದೂರಗಳನ್ನು ಇಟ್ಟುಕೊಳ್ಳಬೇಕು. 20 ಅಂಗಡಿಗೆ ಎರಡು ಕೋಟಿ ಚಿಲ್ಲರೆ, ನಾಲ್ಕು ಬೈಟ್‌ನಂತೆ 84 ಎಂಬಿ. 25 ಆದರೆ 3.4 ಜಿಬಿ. 30ಕ್ಕೆ ಹೆಜ್ಜೆಗಳ ಲಾಗ್ 11.99, ನನ್ನ ನಿಯಮದಲ್ಲಿ ಇನ್ನೂ ಒಳಗೇ ಇದೆ, ಆದರೆ ಮೆಮೊರಿ ನೂರು ಜಿಬಿ ದಾಟುತ್ತದೆ. ಅಷ್ಟು ಅಂಗಡಿ ಇದ್ದವರಿಗೆ ನಾನು ದಾರಿಯಲ್ಲಿ ಎರಡು ರಸ್ತೆ ತೆಗೆದು ಬೇರೆ ರೀತಿ ಜೋಡಿಸಿ, ಕಡಿಮೆಯಾದರೆ ಇಟ್ಟುಕೊಳ್ಳುವ ಟು-ಆಪ್ಟ್ ಹಾಕುತ್ತೇನೆ. ಒಂದು ಸುತ್ತಿಗೆ ಸುಮಾರು n²/2 ಜೋಡಿ ನೋಡಿದರೆ ಆಯಿತು. ಅತಿ ಕಡಿಮೆ ದೂರ ಸಿಕ್ಕೇ ಸಿಗುತ್ತದೆ ಅನ್ನುವ ಖಾತರಿ ಮಾತ್ರ ಇಲ್ಲ, ಮತ್ತು ಒನ್‌ವೇ ರಸ್ತೆ ಇದ್ದರೆ ತಿರುಗಿಸಿದ ತುಂಡಿನ ದೂರವನ್ನು ಹೊಸದಾಗಿ ಕೂಡಿಸಬೇಕು.

ಕೆಲಸ ಮುಗಿಸಿ ಕೊಟ್ಟ ಮೇಲೆ ಧಣಿಗಳು ಎರಡನೇ ವ್ಯಾನು ತಂದರು. ಎಲ್ಲಾ ಪುನಃ ಬರೆಯಬೇಕಾ ಅಂತ ಕೇಳಿದರು. ಎಣಿಸಿ ನೋಡಿ: 20 ಅಂಗಡಿಗಳ ಒಂದು ಕ್ರಮ ತೆಗೆದುಕೊಂಡು ಎಲ್ಲೋ ಒಂದು ಕಡೆ ಕತ್ತರಿಸಿದರೆ ಎರಡು ವ್ಯಾನುಗಳ ಪಾಲು. ಕತ್ತರಿಸಲು 21 ಜಾಗ. ಒಟ್ಟು 21 × 20!. ಲಾಗ್‌ನಲ್ಲಿ ಸೇರಿದ್ದು ln 21, ಬರೀ ಮೂರು. ಹೆಲ್ಡ್–ಕಾರ್ಪ್ ಕಡೆ ಇನ್ನೂ ಸಸಾರ. ಅಂಗಡಿಗಳ ಪ್ರತಿ ಗುಂಪಿಗೂ ಹೋಗಿ ಬರುವ ಕನಿಷ್ಠ ದೂರ ಆ ಪಟ್ಟಿಯಿಂದಲೇ ತೆಗೆಯಬಹುದು. ಒಂದು ಗುಂಪು ಮೊದಲ ವ್ಯಾನಿಗೆ, ಉಳಿದದ್ದು ಎರಡನೆಯದಕ್ಕೆ ಅಂತ ಹತ್ತೂವರೆ ಲಕ್ಷ ಹಂಚಿಕೆಗಳನ್ನು ಕೂಡಿಸಿ ನೋಡಿದರೆ ಆಯಿತು. ನಾನು ಸೇರಿಸಿದ್ದು ಒಂದು ಲೂಪ್.