2,500 ರೂಪಾಯಿಯ ಗೆರೆ: ಬಟ್ಟೆ, ಚಪ್ಪಲಿ ಬಿಲ್ ಪರಿಶೀಲಿಸುವುದು ಹೇಗೆ?

ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಡೆ, ಬೂಟು, ಬಟ್ಟೆ ಕೊಂಡರೆ ಮೂರಕ್ಕೂ ತೆರಿಗೆ ಒಂದೇ ಲೆಕ್ಕದಲ್ಲಿ ಬೀಳುವುದಿಲ್ಲ. ಕೊಡೆ ಎಷ್ಟೇ ದುಬಾರಿಯಾಗಿರಲಿ, ಶೇ 5 ಜಿಎಸ್‌ಟಿ. ಪಾದರಕ್ಷೆ ಮತ್ತು ಸಿದ್ಧ ಉಡುಪಿಗೆ ಮಾತ್ರ ಬೆಲೆಯ ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಜೋಡಿ ಅಥವಾ ಒಂದು ಉಡುಪಿನ ಬೆಲೆ 2,500 ರೂಪಾಯಿವರೆಗಿದ್ದರೆ ಶೇ 5, ದಾಟಿದರೆ ಶೇ 18.

ಮೊದಲು ವಸ್ತು ಯಾವ ವರ್ಗದ್ದೆಂದು ನೋಡಿ. ಹೊಲಿಯದ ಸೀರೆ ಸಿದ್ಧ ಉಡುಪಲ್ಲ, ಬರೀ ಬಟ್ಟೆಯ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೆ ಬೆಲೆಯ ಗೆರೆ ಇಲ್ಲ. 3,000 ರೂಪಾಯಿಯ ಸೀರೆಗೆ ತೆರಿಗೆ 150 ರೂಪಾಯಿ. ಅದೇ ಬೆಲೆಯ ಸಿದ್ಧ ಕುರ್ತಾಕ್ಕೆ 540 ರೂಪಾಯಿ.

ಆಮೇಲೆ ಬೆಲೆ. 2,500 ಎಂಬುದು ತೆರಿಗೆ ಸೇರಿಸುವ ಮುಂಚಿನ ಮಾರಾಟ ಬೆಲೆ, ಎಂಆರ್‌ಪಿ ಅಲ್ಲ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಗೆರೆ ಒಂದೊಂದು ವಸ್ತುವಿಗೆ ಪ್ರತ್ಯೇಕ: 1,500ರ ಎರಡು ಅಂಗಿಗಳ ಮೊತ್ತ 3,000 ಆದರೂ ಎರಡಕ್ಕೂ ಶೇ 5 ಮಾತ್ರ.

ಗೆರೆ ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಇಡೀ ಬೆಲೆಗೇ ಶೇ 18 ಬೀಳುತ್ತದೆ. ಆದಾಯ ತೆರಿಗೆಯ ಹಂತಗಳಿಗೆ ಒಗ್ಗಿದವರು ಎಡವುವುದು ಇಲ್ಲೇ. 2,500ರ ಬೂಟಿಗೆ ತೆರಿಗೆ 125, ಬಿಲ್ 2,625. ಬೆಲೆ 2,501 ಆದರೆ ತೆರಿಗೆ 450.18, ಬಿಲ್ 2,951.18. ಒಂದು ರೂಪಾಯಿ ಹೆಚ್ಚಿದ್ದಕ್ಕೆ ಬಿಲ್ 326 ರೂಪಾಯಿ ಏರಿತು.

ಇದರಿಂದಲೇ ತಪ್ಪು ಹಿಡಿಯುವ ಸುಲಭ ದಾರಿಯೂ ಸಿಗುತ್ತದೆ. ಒಂದು ಜೋಡಿಗೆ ತೆರಿಗೆ ಸೇರಿ 2,800 ರೂಪಾಯಿ ಬಿಲ್ ಆಗಿದೆ ಎನ್ನೋಣ. 1.18ರಿಂದ ಭಾಗಿಸಿದರೆ ಮೂಲ ಬೆಲೆ ಸುಮಾರು 2,373. ಅಷ್ಟಕ್ಕೆ ಶೇ 18 ಹಾಕುವಂತಿಲ್ಲ. 1.05ರಿಂದ ಭಾಗಿಸಿದರೆ ಸುಮಾರು 2,667. ಅಷ್ಟಕ್ಕೆ ಶೇ 5 ಸಾಲದು. 2,625ಕ್ಕಿಂತ ಹೆಚ್ಚು, 2,950ರವರೆಗಿನ ಮೊತ್ತ ಯಾವ ದರಕ್ಕೂ ಹೊಂದುವುದಿಲ್ಲ. ಒಂದೇ ವಸ್ತುವಿಗೆ ಅಂಥ ಬಿಲ್ ಬಂದರೆ ಲೆಕ್ಕ ಕೇಳಲೇಬೇಕು.

ರಿಯಾಯಿತಿ ಇದ್ದರೆ ಅದು ಬಿಲ್‌ನಲ್ಲಿ ತೆರಿಗೆಗಿಂತ ಮೊದಲೇ ಕಳೆದಿರಬೇಕು. ತೆರಿಗೆಗೆ ಮುಂಚೆ 2,999 ಇರುವ ಬೂಟಿಗೆ ಶೇ 20 ಕಳೆದರೆ 2,399.20, ಈಗ ತೆರಿಗೆ ಶೇ 5, ಕೊಡಬೇಕಾದ್ದು 2,519.16. ರಿಯಾಯಿತಿ ಇಲ್ಲದಿದ್ದರೆ 3,538.82. ಹಣ ಕಟ್ಟಿದ ಮೇಲೆ ಬ್ಯಾಂಕ್ ಕೊಡುವ ಕ್ಯಾಶ್‌ಬ್ಯಾಕ್‌ಗೆ ಈ ಬಲವಿಲ್ಲ, ಅದು ಮಾರಾಟ ಬೆಲೆಯನ್ನು ಇಳಿಸುವುದಿಲ್ಲ.

ಬಿಲ್‌ನಲ್ಲಿ ಕೇಂದ್ರದ ಪಾಲಿಗೆ ಸಿಜಿಎಸ್‌ಟಿ, ರಾಜ್ಯದ ಪಾಲಿಗೆ ಎಸ್‌ಜಿಎಸ್‌ಟಿ ಎಂದು ಎರಡು ಸಾಲು ಇರುತ್ತವೆ. ಎರಡನ್ನೂ ಕೂಡಿಸಿದರೆ ನಿಜವಾದ ದರ: 2.5 ಮತ್ತು 2.5, ಇಲ್ಲವೇ 9 ಮತ್ತು 9. ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತಾವೇ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಯವರು ಗ್ರಾಹಕರಿಂದ ತೆರಿಗೆ ಪ್ರತ್ಯೇಕವಾಗಿ ಪಡೆಯುವಂತೆಯೇ ಇಲ್ಲ. ಲೆಕ್ಕ ಹೊಂದದಿದ್ದರೆ ಅಲ್ಲೇ ತಿದ್ದಿಸಿಕೊಳ್ಳಿ. ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.