ಅಕ್ಷಯ ತೃತೀಯದ ಚಿನ್ನ: ಫ್ರೀ ಕಾಯಿನ್ ಬಿಟ್ಟು ರೇಟ್ ಬುಕ್ ಮಾಡಿದ ಲೆಕ್ಕ

2025ರಲ್ಲಿ ಅಕ್ಷಯ ತೃತೀಯ ಏಪ್ರಿಲ್ 30ಕ್ಕೆ ಬಂದಿತ್ತು. ತಂಗಿಯ ಮದುವೆ ಜೂನ್ ಮೊದಲ ವಾರ. ಅವಳಿಗೆ ಎರಡೆಳೆ ಅವಲಕ್ಕಿ ಸರ ತಗೋಬೇಕಿತ್ತು. ಸುಮಾರು 40 ಗ್ರಾಂ, ಕಲ್ಲು ಹರಳು ಏನೂ ಬೇಡ. ಮೈಸೂರಿನ ಅಶೋಕ ರಸ್ತೆಯಲ್ಲಿ ಆಗಲೇ ಬ್ಯಾನರ್‌ಗಳು ನೇತಾಡುತ್ತಿದ್ದವು. ಒಂದು ಕಡೆ ಮೇಕಿಂಗ್ ಮೇಲೆ 25% ಡಿಸ್ಕೌಂಟ್, ಇನ್ನೊಂದು ಕಡೆ ಪ್ರತಿ 50,000ಕ್ಕೆ ಒಂದು ಚಿನ್ನದ ಕಾಯಿನ್ ಫ್ರೀ, ಮತ್ತೊಂದು ಕಡೆ 10% ಕಟ್ಟಿ ರೇಟ್ ಬುಕ್ ಮಾಡಿ ಅಂತ. ಅಮ್ಮನಿಗೆ ಕಾಯಿನ್ ಮೇಲೆ ಕಣ್ಣು. ಲಕ್ಷ್ಮಿ ಪೂಜೆಗೆ ಇಡಬಹುದು ಅಲ್ವಾ ಅನ್ನೋದು ಅವರ ವಾದ.

ನಾನು ಬ್ಯಾನರ್ ಓದುವುದಕ್ಕಿಂತ ಎಸ್ಟಿಮೇಟ್ ಚೀಟಿ ಓದುವವಳು. ಒಡವೆ ಆರಿಸಿ, ತಕ್ಕಡಿಗೆ ಹಾಕಿಸಿ, "ಎಸ್ಟಿಮೇಟ್ ಕೊಡಿ" ಅಂದರೆ ಯಾವ ಅಂಗಡಿಯವರೂ ಕೊಡುತ್ತಾರೆ. ಅದರಲ್ಲಿ ನೋಡಬೇಕಾದ್ದು ಮೂರೇ ಸಾಲು. ನೆಟ್ ತೂಕಕ್ಕೆ ಅವತ್ತಿನ 22 ಕ್ಯಾರಟ್ ರೇಟು, ಅದರ ಮೇಲೆ ವೇಸ್ಟೇಜ್ ಮತ್ತು ಮಜೂರಿ, ಕೊನೆಗೆ ಒಟ್ಟಿಗೆ 3% ಜಿಎಸ್‌ಟಿ. ಈಗ ಬಹಳ ಕಡೆ ವೇಸ್ಟೇಜ್, ಮಜೂರಿ ಎರಡನ್ನೂ ಸೇರಿಸಿ ವಿ.ಎ. ಅಂತ ಒಂದೇ ಪರ್ಸೆಂಟ್ ಹಾಕುತ್ತಾರೆ. ಚಿನ್ನದ ರೇಟಿನಲ್ಲಿ ಅಂಗಡಿಯವರಿಗೆ ಉಳಿಯುವುದು ಕಮ್ಮಿ. ಜಿಎಸ್‌ಟಿ ಸರ್ಕಾರದ್ದು. ಹಾಗಾಗಿ ಹಬ್ಬದ ಡಿಸ್ಕೌಂಟ್ ಆಗಲಿ, ಫ್ರೀ ಕಾಯಿನ್ ಆಗಲಿ, ಬರೋದು ಈ ವಿ.ಎ. ಒಳಗಿಂದಲೇ. ಅದಕ್ಕೆ ಡಿಸ್ಕೌಂಟ್ ಎಷ್ಟು ಅಂತ ಕೇಳುವ ಮೊದಲು, ಡಿಸ್ಕೌಂಟ್ ಇಲ್ಲದೆ ವಿ.ಎ. ಎಷ್ಟು ಅಂತ ಕೇಳಬೇಕು.

ಒಂದು ದೊಡ್ಡ ಶೋರೂಮು, ಒಂದು ಹಳೇ ಸಣ್ಣ ಅಂಗಡಿ, ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ ತರಹದ ಸರ ಸಿಕ್ಕಿತು. ಲೆಕ್ಕ ಸುಲಭ ಆಗಲಿ ಅಂತ ರೇಟನ್ನು ಗ್ರಾಂಗೆ 9,000, ತೂಕವನ್ನು 40 ಗ್ರಾಂ ಅಂತ ರೌಂಡ್ ಮಾಡಿ ಹೇಳುತ್ತೇನೆ. ಆಗಿನ ರೇಟೂ ಅದರ ಆಸುಪಾಸಿನಲ್ಲೇ ಇತ್ತು. ಎರಡು ಕಡೆಯೂ ಚಿನ್ನದ ಬೆಲೆ 3,60,000.

ಶೋರೂಮಿನಲ್ಲಿ ವಿ.ಎ. 18%. ಅಂದರೆ 64,800. ಇದರಲ್ಲಿ 25% ಡಿಸ್ಕೌಂಟ್ ಕಳೆದರೆ 48,600. ಜಿಎಸ್‌ಟಿ ಸೇರಿ ಬಿಲ್ಲು 4,20,858. ಸಣ್ಣ ಅಂಗಡಿಯಲ್ಲಿ ಆಫರ್ ಇಲ್ಲ, ಬ್ಯಾನರ್ ಇಲ್ಲ. ವಿ.ಎ. 11%, ಅಂದರೆ 39,600. ಬಿಲ್ಲು 4,11,588. ಡಿಸ್ಕೌಂಟ್ ಕೊಟ್ಟ ಮೇಲೂ ಶೋರೂಮು 9,270 ರೂಪಾಯಿ ಜಾಸ್ತಿ.

ಆಮೇಲೆ ಕಾಯಿನ್. "ಡಿಸ್ಕೌಂಟ್ ಜೊತೆ ಕಾಯಿನೂ ಬರುತ್ತಾ?" ಅಂತ ಕೇಳಿದೆ. "ಇಲ್ಲ ಮೇಡಂ, ಎರಡರಲ್ಲಿ ಒಂದು" ಅಂದರು. ಈ ಮಾತು ಬ್ಯಾನರಿನ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಕಾಯಿನ್ ಆರಿಸಿದರೆ ಪೂರ್ತಿ 18% ವಿ.ಎ. ಕೊಡಬೇಕು. ಜಿಎಸ್‌ಟಿ ಸೇರಿ 4,37,544. ಕಾಯಿನ್ ತೂಕ ಒಂದಕ್ಕೆ 100 ಮಿಲಿಗ್ರಾಂ. ಜಿಎಸ್‌ಟಿ ಬಿಟ್ಟು ಸರದ ಬೆಲೆ 4,24,800 ಆದ್ದರಿಂದ 50,000ಕ್ಕೊಂದರಂತೆ ಎಂಟು ಕಾಯಿನ್ ಬರುತ್ತವೆ. ಮಿಕ್ಕ 24,800ಕ್ಕೆ ಏನೂ ಇಲ್ಲ. ಎಂಟೂ ಸೇರಿ ಮುಕ್ಕಾಲು ಗ್ರಾಂಗಿಂತ ಚೂರು ಜಾಸ್ತಿ, 0.8 ಗ್ರಾಂ. 24 ಕ್ಯಾರಟ್ ರೇಟು 9,800 ಅಂತ ಹಿಡಿದರೆ 7,840 ರೂಪಾಯಿ. ಅಂದರೆ 7,840ರ ಕಾಯಿನ್‌ಗೋಸ್ಕರ, ಅದೇ ಅಂಗಡಿಯ ಡಿಸ್ಕೌಂಟಿಗಿಂತ 16,686 ಜಾಸ್ತಿ ಕೊಡಬೇಕು.

ಇಷ್ಟೆಲ್ಲ ಗುಣಾಕಾರ ಅಂಗಡಿಯಲ್ಲಿ ನಿಂತು ಮಾಡೋದು ಕಷ್ಟ. ಅದಕ್ಕೆ ನಾನು ಒಂದೇ ಭಾಗಾಕಾರ ಮಾಡುತ್ತೇನೆ. ಜಿಎಸ್‌ಟಿ ಸೇರಿದ ಕೊನೆ ಮೊತ್ತದಿಂದ ಕಾಯಿನ್ ಬೆಲೆ ಕಳೆದು, ನೆಟ್ ತೂಕದಿಂದ ಭಾಗಿಸೋದು. ಸಣ್ಣ ಅಂಗಡಿಯಲ್ಲಿ ಗ್ರಾಂಗೆ 10,290 ಬಿತ್ತು. ಶೋರೂಮಿನ ಡಿಸ್ಕೌಂಟಲ್ಲಿ 10,521, ಕಾಯಿನ್ ಆಫರಲ್ಲಿ 10,743. ಇದನ್ನು ಫೋನಿನ ಕ್ಯಾಲ್ಕುಲೇಟರಲ್ಲಿ ಅಮ್ಮನಿಗೆ ತೋರಿಸಿದ ಮೇಲೆ ಕಾಯಿನ್ ಮಾತು ನಿಂತಿತು. ಹಾಗಂತ ಸಣ್ಣ ಅಂಗಡಿ ಯಾವಾಗಲೂ ಅಗ್ಗ ಅಂತ ನಾನು ಹೇಳುತ್ತಿಲ್ಲ. ಮೆಷಿನ್ ಚೈನಿಗೆ ದೊಡ್ಡ ಅಂಗಡಿಗಳೇ ಎಷ್ಟೋ ಸಲ ಕಮ್ಮಿ ವಿ.ಎ. ಹಾಕುತ್ತವೆ. ಅದಕ್ಕೇ ಪ್ರತಿ ಒಡವೆಗೂ ಬೇರೆ ಎಸ್ಟಿಮೇಟ್ ತಗೊಳ್ಳೋದು.

ಕಾಯಿನ್ ಬಗ್ಗೆ ಇನ್ನೊಂದು ಮಾತು. 2 ಗ್ರಾಂಗಿಂತ ಕಮ್ಮಿ ತೂಕದ ಒಡವೆ, ವಸ್ತುಗಳಿಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. 100 ಮಿಲಿಗ್ರಾಂ ಕಾಯಿನ್ ಅಪ್ಪಟ ಚಿನ್ನ ಅನ್ನೋದಕ್ಕೆ ಅದರ ಪ್ಲಾಸ್ಟಿಕ್ ಕಾರ್ಡೇ ಸಾಕ್ಷಿ. ವಾಪಸ್ ತಗೋತೀರಾ ಅಂದಿದ್ದಕ್ಕೆ, ನಗದು ಕೊಡಲ್ಲ, ಒಡವೆಗೆ ಎಕ್ಸ್‌ಚೇಂಜ್ ಮಾತ್ರ, ಅದೂ ಪ್ಯಾಕಿಂಗ್ ಒಡೆದಿರಬಾರದು ಅಂದರು. ಸರವನ್ನು ವಾಪಸ್ ಮಾಡಿದರೆ ಕಾಯಿನ್ ಬೆಲೆ ಕಳೆಯುತ್ತಾರಂತೆ.

ಪಕ್ಕದ ಇನ್ನೊಂದು ಅಂಗಡಿಯ "ಮಜೂರಿ 50% ಆಫ್" ಇದಕ್ಕಿಂತ ಚಾಲಾಕಿ. ಅಲ್ಲಿ ವೇಸ್ಟೇಜ್ ಬೇರೆ, ಮಜೂರಿ ಬೇರೆ. ವೇಸ್ಟೇಜ್ 14%, ಮಜೂರಿ ಗ್ರಾಂಗೆ 200 ರೂಪಾಯಿ. ಅರ್ಧ ಆಗೋದು ಆ 200 ಮಾತ್ರ. 40 ಗ್ರಾಂಗೆ 4,000 ಉಳೀತು ಅನ್ನಿ. 50,400 ರೂಪಾಯಿಯ ವೇಸ್ಟೇಜ್ ಮಾತ್ರ ಒಂದು ಕೂದಲೂ ಕೊಂಕದೆ ಹಾಗೇ ಕೂತಿತ್ತು.

ಇನ್ನು ಬುಕ್ಕಿಂಗ್. ರೇಟು ದಿನಾ ಕುಣಿಯುತ್ತಿತ್ತು, ಮದುವೆಗೆ ಒಂದು ತಿಂಗಳ ಮೇಲಿತ್ತು. ಹಾಗಾಗಿ ಬುಕ್ ಮಾಡೋದು ಅಂತ ತೀರ್ಮಾನ ಆಯಿತು. ಆದರೆ ಬುಕ್ಕಿಂಗ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ವ್ಯವಹಾರ ನಡೆಯುತ್ತೆ. ಒಂದರಲ್ಲಿ ತೂಕ ಬುಕ್ ಆಗುತ್ತೆ. 40 ಗ್ರಾಂನ ಬೆಲೆಯ 10%, ಅಂದರೆ 36,000 ಕಟ್ಟಿದರೆ ಪೂರ್ತಿ 40 ಗ್ರಾಂಗೂ 9,000ದ ರೇಟು. ಇನ್ನೊಂದರಲ್ಲಿ ಕಟ್ಟಿದ ಹಣಕ್ಕೆ ಮಾತ್ರ ಬುಕ್. ಅದೇ 36,000ಕ್ಕೆ 4 ಗ್ರಾಂ ಲಾಕ್ ಆಗುತ್ತೆ, ಮಿಕ್ಕ 36 ಗ್ರಾಂ ಖರೀದಿ ದಿನದ ರೇಟಿಗೆ. ಶೋರೂಮಿನದು ಈ ಎರಡನೇ ಬಗೆ. ಕೌಂಟರಿನ ಹುಡುಗ ಅದನ್ನೇನೂ ಮುಚ್ಚಿಡಲಿಲ್ಲ, ಆದರೆ ನಾನು ಕೇಳುವವರೆಗೂ ಹೇಳಲೂ ಇಲ್ಲ.

ಸಣ್ಣ ಅಂಗಡಿಯವರು ತೂಕವನ್ನೇ ಬುಕ್ ಮಾಡಿಕೊಂಡರು, 30 ದಿನಕ್ಕೆ. ಪೂರ್ತಿ ಹಣ ಕಟ್ಟಿದರೆ 6 ತಿಂಗಳು ರೇಟ್ ಹಿಡಿದಿಡುತ್ತೇವೆ ಅಂತಲೂ ಹೇಳಿದರು. ನನಗೆ ಬೇಡ ಅನಿಸಿತು. ಅಡ್ವಾನ್ಸ್ ಕಟ್ಟಿದ ಹಣಕ್ಕೆ ಬ್ಯಾಂಕಿನ ಡೆಪಾಸಿಟ್ ತರಹ ವಿಮೆ ಇಲ್ಲ. ಅಂಗಡಿಗೆ ಬೀಗ ಬಿದ್ದರೆ ನಮ್ಮ ಕೈಯಲ್ಲಿ ಉಳಿಯೋದು ರಸೀದಿ ಅಷ್ಟೇ. ಕಡಿಮೆ ಅಡ್ವಾನ್ಸಿಗೆ ಕಡಿಮೆ ದಿನ ಕೊಡೋದರಲ್ಲೂ ನ್ಯಾಯ ಇದೆ. ರೇಟು ಏರಿದರೆ ನಷ್ಟದ ಭಾರ ಅವರ ಮೇಲೆ ತಾನೇ?

ರಸೀದಿ ಬರೆಯುವಾಗ ನಾನು ಪಕ್ಕದಲ್ಲೇ ನಿಂತು ಕೆಲವು ವಿಷಯ ಬರೆಸಿದೆ. 22 ಕ್ಯಾರಟ್, 40 ಗ್ರಾಂ, ಗ್ರಾಂಗೆ 9,000, ಇಂಥ ತಾರೀಖಿನವರೆಗೆ, ಇಷ್ಟು ಅಡ್ವಾನ್ಸ್. ಇದು ಎಲ್ಲರೂ ಬರೆಯುತ್ತಾರೆ. ಎಲ್ಲರೂ ಬರೆಯದ್ದು "ಬುಕ್ಕಿಂಗ್ ರೇಟು, ಖರೀದಿ ದಿನದ ರೇಟು, ಎರಡರಲ್ಲಿ ಯಾವುದು ಕಡಿಮೆಯೋ ಅದು" ಅನ್ನೋ ಸಾಲು. ಬಾಯಲ್ಲಿ ಹೇಳಿದರು, "ಅದೇ ಮೇಡಂ ರೂಲು" ಅಂತ. ಬರೆದು ಸೀಲ್ ಹಾಕಿ ಅಂದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ 15%ರಿಂದ 6%ಕ್ಕೆ ಇಳಿದಾಗ ರೇಟು ದಢಕ್ಕನೆ ಬಿದ್ದಿತ್ತು. ಈ ಸಾಲು ಇಲ್ಲದೆ ಬುಕ್ ಮಾಡಿದವರು ಅಂಥ ದಿನ ಹಳೇ ರೇಟೇ ಕೊಡಬೇಕಾಗುತ್ತೆ.

ಇದಕ್ಕಿಂತಲೂ ಮುಖ್ಯವಾಗಿ ಬರೆಸಿದ್ದು ವಿ.ಎ. ಬುಕ್ಕಿಂಗಲ್ಲಿ ಲಾಕ್ ಆಗೋದು ರೇಟು ಮಾತ್ರ, ವಿ.ಎ. ಅಲ್ಲ. ಇವತ್ತು 11% ಅಂದವರು ಒಡವೆ ತಗೊಳ್ಳೋ ದಿನ "ಈ ಡಿಸೈನಿಗೆ 15% ಮೇಡಂ" ಅಂದರೆ ಅಡ್ವಾನ್ಸ್ ಅವರ ಹತ್ತಿರ ಇರುತ್ತೆ, ನಾವು ಎದ್ದು ಹೋಗೋ ಹಾಗಿಲ್ಲ. 9,000ದ ರೇಟಲ್ಲಿ 40 ಗ್ರಾಂಗೆ ಆ 4% ಅಂದರೆ 14,400 ರೂಪಾಯಿ. ರೇಟ್ ಬುಕ್ ಮಾಡಿ ಉಳಿಸಿದ್ದು ಅಲ್ಲೇ ಹೋಯಿತು. ಅದಕ್ಕೆ "ಅವಲಕ್ಕಿ ಸರ, ವಿ.ಎ. 11% ಮೀರುವಂತಿಲ್ಲ" ಅಂತ ಬರೆಸಿ, ಎಸ್ಟಿಮೇಟ್ ಚೀಟಿಯನ್ನೂ ರಸೀದಿಗೆ ಪಿನ್ ಮಾಡಿಸಿದೆ. ಬುಕ್ಕಿಂಗ್ ಕ್ಯಾನ್ಸಲ್ ಮಾಡಿದರೆ ಏನು ಅಂತಲೂ ಕೇಳಿದೆ. ನಗದು ವಾಪಸ್ ಇಲ್ಲ, ಅಷ್ಟು ಹಣಕ್ಕೆ ಒಡವೆ ತಗೋಬಹುದು, ಕಾಯಿನ್ ಕೊಡಲ್ಲ ಅಂದರು. ನಮಗೆ ಮದುವೆ ಗಟ್ಟಿಯಾಗಿದ್ದರಿಂದ ಒಪ್ಪಿಕೊಂಡೆ. ತಗೊಳ್ಳೋದು ಖಾತ್ರಿ ಇಲ್ಲದವರು ಈ ಷರತ್ತಿಗೆ ಕೈ ಹಾಕಬಾರದು.

ಮೇ ಮಧ್ಯಕ್ಕೆ ರೇಟು 8,600ರ ಸುಮಾರಿಗೆ ಇಳಿಯಿತು. ಸರ ಕೂಡ ತಯಾರಾಗಿತ್ತು. ತೂಕ 41.250 ಗ್ರಾಂ ಬಂತು. ಕೈಕೆಲಸದ ಸರ, ಒಂದೂಕಾಲು ಗ್ರಾಂ ಆಚೆ ಈಚೆ ಆಗೋದು ಸಹಜ. ರೇಟು ಏರಿದ್ದಿದ್ದರೆ ಆ ಒಂದೂಕಾಲು ಗ್ರಾಂಗೆ ಅವತ್ತಿನ ರೇಟು ಕೊಡಬೇಕಿತ್ತು. ಇಳಿದಿದ್ದರಿಂದ ಎಲ್ಲಕ್ಕೂ 8,600 ಆಯಿತು. ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಯಿತು, ಆದರೆ ರಸೀದಿ ಓದಿ ತಕರಾರು ಮಾಡಲಿಲ್ಲ. ಚಿನ್ನ 3,54,750, ವಿ.ಎ. 39,022, ಜಿಎಸ್‌ಟಿ ಸೇರಿ 4,05,585. ಹಾಲ್‌ಮಾರ್ಕ್‌ಗೆ ನಗಕ್ಕೆ 45 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಗ್ರಾಂಗೆ ಭಾಗಿಸಿದರೆ 9,832.

ಹಣ ಕೊಡುವ ಮೊದಲು ಸರದ ಕೊಂಡಿ ಹತ್ತಿರದ ಗುರುತನ್ನು ಭೂತಗನ್ನಡಿಯಲ್ಲಿ ನೋಡಿದೆ. ಬಿಐಎಸ್ ಲಾಂಛನ, 22 ಕ್ಯಾರಟ್ ಅಂತ ಹೇಳುವ 916, ಆ ಒಡವೆಗೇ ಮೀಸಲಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ನಂಬರು, ಮೂರೂ ಇದ್ದವು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದಾಗ ವಸ್ತುವಿನ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಹಾಕಿದ ಸೆಂಟರಿನ ವಿವರ ಬಂತು. ಅಲ್ಲಿ ಸರ ಅಂತ ಬರುವ ಜಾಗದಲ್ಲಿ ಉಂಗುರ ಅಂತ ಬಂದರೆ ಆ ಒಡವೆ ತಗೋಬಾರದು. ಬಾಕಿ ಹಣವನ್ನು ಬ್ಯಾಂಕಿಂದಲೇ ಕಳಿಸಿದೆ. 2 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ನಗದು ಅವರು ತಗೊಳ್ಳುವಂತಿಲ್ಲ, 2 ಲಕ್ಷ ಮೀರಿದ ಬಿಲ್ಲಿಗೆ ಪ್ಯಾನ್ ಕೊಡಲೇಬೇಕು. ಬಿಲ್ಲಿನಲ್ಲಿ ಅಡ್ವಾನ್ಸ್ 36,000 ಕಳೆದಿದ್ದಾರಾ ಅಂತ ಮತ್ತೊಮ್ಮೆ ನೋಡಿ, ಬುಕ್ಕಿಂಗ್ ರಸೀದಿಯ ಫೋಟೋ ತೆಗೆದುಕೊಂಡ ಮೇಲೆ ಮೂಲ ಪ್ರತಿಯನ್ನು ಅವರಿಗೆ ಕೊಟ್ಟೆ.