ಎರಡು ಶೀಟ್, ಒಂದೇ ಗ್ರಾಹಕ ಪಟ್ಟಿ: ನಾನು ಮಾಡಿದ ರೀತಿ

ನನ್ನ ಕೈಗೆ ಬಂದದ್ದು ಎರಡು ಶೀಟ್. ಒಂದು ಬಿಲ್ಲಿಂಗ್‌ನಿಂದ ಇಳಿಸಿದ್ದು, ಇನ್ನೊಂದು ಫೋನ್‌ನಲ್ಲಿ ದೂರು, ವಿಚಾರಣೆ ತೆಗೆದುಕೊಳ್ಳುವವರು ಕೈಯಲ್ಲಿ ತುಂಬುತ್ತಿದ್ದದ್ದು. ಎರಡರಲ್ಲೂ ಹೆಚ್ಚುಕಡಿಮೆ ಅದೇ ಜನ. ಆದರೆ ಹೆಸರು ಬರೆದ ರೀತಿ ಬೇರೆ, ನಂಬರ್ ಬರೆದ ರೀತಿ ಬೇರೆ. ಎರಡನ್ನೂ ಸೇರಿಸಿ, ಒಬ್ಬ ಗ್ರಾಹಕರಿಗೆ ಒಂದೇ ಸಾಲು ಇರುವ ಪಟ್ಟಿ ಮಾಡಬೇಕಿತ್ತು. ನಾನು ಬಳಸಿದ್ದು ಗೂಗಲ್ ಶೀಟ್ಸ್.

ಮೆನುವಿನಲ್ಲಿ ಡೂಪ್ಲಿಕೇಟ್ ತೆಗೆಯುವ ಒಂದು ಆಯ್ಕೆ ಇದೆ. ಅದನ್ನು ನಾನು ಮುಟ್ಟಲಿಲ್ಲ. ಅದು ಮೇಲಿನ ಸಾಲನ್ನು ಉಳಿಸಿ ಕೆಳಗಿನದನ್ನು ಅಳಿಸುತ್ತದೆ, ಅಷ್ಟೇ. ಇಮೇಲ್ ಇದ್ದದ್ದು ಕೆಳಗಿನ ಸಾಲಿನಲ್ಲಿ ಮಾತ್ರ ಆಗಿದ್ದರೆ ಅದೂ ಹೋಯಿತು. ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಎರಡು ಸಾಲು ಒಬ್ಬರದ್ದೇನಾ? ಹೌದು ಅಂದರೆ ಯಾವ ಸಾಲಿನ ಯಾವ ಮಾಹಿತಿ ಉಳಿಯಬೇಕು? ಇವೆರಡನ್ನೂ ಒಂದೇ ಏಟಿಗೆ ಮುಗಿಸಲು ಹೋದರೆ ಗೊತ್ತಾಗದ ಹಾಗೆ ಮಾಹಿತಿ ಕಳೆದುಹೋಗುತ್ತದೆ. ಹಾಗಾಗಿ ಮೊದಲ ಪ್ರಶ್ನೆ ಪೂರ್ತಿ ಮುಗಿಯುವವರೆಗೆ ಒಂದು ಸಾಲನ್ನೂ ಅಳಿಸುವುದಿಲ್ಲ ಎಂದು ಗೆರೆ ಎಳೆದುಕೊಂಡೆ.

ಮೊದಲು ಪ್ರತಿ ಸಾಲಿಗೂ ಒಂದು ಗುರುತು ಕೊಟ್ಟೆ. ಬಿಲ್ಲಿಂಗ್ ಸಾಲುಗಳಿಗೆ A-0001, A-0002 ಎಂದು, ಫೋನ್ ಶೀಟ್‌ನ ಸಾಲುಗಳಿಗೆ B-0001 ಎಂದು. ಆಮೇಲೆ ಎರಡನ್ನೂ All ಎಂಬ ಒಂದೇ ಶೀಟ್‌ನಲ್ಲಿ ಒಂದರ ಕೆಳಗೊಂದು ಅಂಟಿಸಿದೆ. A ಕಾಲಂನಲ್ಲಿ ಗುರುತು, B ಹೆಸರು, C ಫೋನ್, D ಇಮೇಲ್, E ಕೊನೆಯ ಸಲ ಮಾಹಿತಿ ತಿದ್ದಿದ ತಾರೀಖು. ಹೀಗೆ ಒಟ್ಟಿಗೆ ಹಾಕಿಕೊಂಡರೆ ಒಂದು ಲಾಭ ಇದೆ. ಎರಡು ಶೀಟ್‌ಗಳ ನಡುವಿನ ಡೂಪ್ಲಿಕೇಟ್ ಜೊತೆಗೆ, ಒಂದೇ ಶೀಟ್‌ನೊಳಗೆ ಎರಡು ಸಲ ಬಂದವರೂ ಸಿಕ್ಕಿಬೀಳುತ್ತಾರೆ. VLOOKUP ಹಾಕಿ ಒಂದರಿಂದ ಇನ್ನೊಂದಕ್ಕೆ ಹುಡುಕಿದ್ದರೆ ಮೊದಲು ಸಿಕ್ಕ ಸಾಲಿಗೇ ಅದು ನಿಂತುಬಿಡುತ್ತಿತ್ತು.

ಹೆಸರನ್ನು ಹೊಂದಿಸಲು ಹೋಗಲೇ ಇಲ್ಲ. ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್ ಅಕ್ಷರ. ಕನ್ನಡದಲ್ಲೇ ಬರೆದಿದ್ದರೂ ಕಣ್ಣಿಗೆ ಕಾಣದ ಜೋಡಕ ಅಕ್ಷರ ಒಂದು ಸೆಲ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಶೀಟ್ ಅವೆರಡನ್ನೂ ಬೇರೆ ಎಂದೇ ಎಣಿಸುತ್ತದೆ. ಹೆಸರು ಸಾಕ್ಷಿಗೆ ಮಾತ್ರ. ಹೊಂದಿಸುವ ಕೆಲಸ ಫೋನ್ ಮತ್ತು ಇಮೇಲ್‌ದು.

ಫೋನ್ ಕಾಲಂನಲ್ಲಿ ಖಾಲಿ ಜಾಗ, ಅಡ್ಡಗೆರೆ, ದೇಶದ ಕೋಡ್, ಮುಂದೊಂದು ಸೊನ್ನೆ, ಎಲ್ಲ ಬಗೆಯೂ ಇತ್ತು. F ಕಾಲಂನಲ್ಲಿ ಅಂಕಿಗಳನ್ನು ಮಾತ್ರ ಉಳಿಸಿಕೊಂಡು, ಸಾಲುಗಳನ್ನು ಹೊಂದಿಸಲು G ಕಾಲಂನಲ್ಲಿ ಫೋನ್ ಕೀ, H ಕಾಲಂನಲ್ಲಿ ಇಮೇಲ್ ಕೀ ಮಾಡಿಕೊಂಡೆ. ನಮ್ಮ ಪಟ್ಟಿಯ ನಂಬರ್‌ಗಳು ಕೋಡ್ ಬಿಟ್ಟರೆ 10 ಅಂಕಿಯವು, ಹಾಗಾಗಿ ಕೊನೆಯ 10 ಅಂಕಿ ಸಾಕಿತ್ತು. ಬೇರೆ ಬೇರೆ ದೇಶದ ನಂಬರ್‌ಗಳು ಬೆರೆತಿದ್ದರೆ ಈ ದಾರಿ ನಡೆಯುವುದಿಲ್ಲ, ಕೋಡ್ ಸಮೇತ ಇಟ್ಟುಕೊಳ್ಳಬೇಕು.

```
F2: =REGEXREPLACE(C2&"","\D","")
G2: =IF(LEN(F2)<10,"","T"&RIGHT(F2,10))
H2: =LOWER(TRIM(SUBSTITUTE(D2,CHAR(160),"")))
```

C2&"" ಯಾಕೆಂದರೆ, ಸೆಲ್‌ನಲ್ಲಿ ಇರುವುದು ಸಂಖ್ಯೆಯಾದರೆ REGEXREPLACE ಎರರ್ ಕೊಡುತ್ತದೆ, ಅದಕ್ಕೆ ಪಠ್ಯವೇ ಬೇಕು. ಮುಂದಿರುವ T ಅಕ್ಷರದಿಂದ ಕೀ ಎಂದಿಗೂ ಪಠ್ಯವಾಗಿಯೇ ಉಳಿಯುತ್ತದೆ. ಶೀಟ್ ಅದನ್ನು ಸಂಖ್ಯೆ ಎಂದುಕೊಂಡು ಮೊದಲ ಸೊನ್ನೆಯನ್ನು ನುಂಗುವ ಭಯ ಇಲ್ಲ. ಇಮೇಲ್‌ನ CHAR(160) ವೆಬ್ ಪುಟಗಳಿಂದ ಕಾಪಿ ಮಾಡಿದಾಗ ಬರುವ ಒಂದು ಬಗೆಯ ಖಾಲಿ ಜಾಗ. ನೋಡಲು ಮಾಮೂಲಿ ಸ್ಪೇಸ್ ಥರವೇ ಇರುತ್ತದೆ, ಆದರೆ TRIM ಅದನ್ನು ತೆಗೆಯುವುದಿಲ್ಲ.

ಕೀ ಮಾಡಿದ ಮೇಲೆ ಹೊಂದಿಸುವ ಮುಂಚೆ F ಕಾಲಂನ ಉದ್ದ ನೋಡಿದೆ. LEN(F2) ಒಂದು ಕಾಲಂನಲ್ಲಿ ಹಾಕಿ ಸಾರ್ಟ್ ಮಾಡಿದರೆ ಕೊಳೆಯೆಲ್ಲ ಮೇಲೆ ಕೆಳಗೆ ಬಂದು ಕೂರುತ್ತದೆ. 20 ಅಂಕಿ ಬಂದಿದ್ದರೆ ಒಂದೇ ಸೆಲ್‌ನಲ್ಲಿ ಎರಡು ನಂಬರ್ ಇದೆ ಎಂದರ್ಥ. ಹಾಗೇ ಬಿಟ್ಟರೆ RIGHT ಎರಡನೆಯದನ್ನು ಮಾತ್ರ ಹಿಡಿಯುತ್ತದೆ. ಇವನ್ನು ಕೈಯಲ್ಲೇ ಒಡೆದು ಎರಡನೇ ನಂಬರ್‌ಗೆ ಬೇರೆ ಕಾಲಂ ಮಾಡಿದೆ. 8 ಅಂಕಿಯ ಗುಂಪೊಂದು ಇತ್ತು. C ಕಾಲಂನಲ್ಲಿ ನೋಡಿದರೆ 9.19877E+11 ಎಂಬಂಥ ಬರಹ. ಯಾರೋ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸೇವ್ ಮಾಡಿದ್ದಾರೆ. ಉದ್ದದ ನಂಬರನ್ನು ಎಕ್ಸೆಲ್ ಚುಟುಕಾಗಿ ತೋರಿಸುತ್ತದೆ, ಸಿಎಸ್‌ವಿಗೆ ಹೋಗುವುದೂ ಆ ಚುಟುಕು ರೂಪವೇ. ಕಳೆದ ಅಂಕಿಗಳು ಯಾವ ಫಾರ್ಮುಲಾದಿಂದಲೂ ವಾಪಸ್ ಬರುವುದಿಲ್ಲ. ಬಿಲ್ಲಿಂಗ್‌ನಿಂದ ಹೊಸದಾಗಿ ಇಳಿಸಿಕೊಂಡು, ಆಮದು ಮಾಡುವಾಗಲೇ ಫೋನ್ ಕಾಲಂ ಪಠ್ಯ ಎಂದು ಹೇಳಿದಾಗ ಸರಿಹೋಯಿತು.

ಇನ್ನೊಂದು ನೋಟ ಬೇಕು: ಯಾವ ಕೀ ಎಷ್ಟು ಸಲ ಬಂದಿದೆ? COUNTIF ಹಾಕಿ ಜಾಸ್ತಿ ಇದ್ದದ್ದು ಮೇಲೆ ಬರುವಂತೆ ಸಾರ್ಟ್ ಮಾಡಿದರೆ ತುದಿಯಲ್ಲಿ ಇರುವುದು ಗ್ರಾಹಕರಲ್ಲ. ಒಂಬತ್ತು ಒಂಬತ್ತಾಗಿ ತುಂಬಿದ ಸುಳ್ಳು ನಂಬರ್, ಕಚೇರಿಯದ್ದೇ ನಂಬರ್, info@ ಎಂದು ಶುರುವಾಗುವ ಇಮೇಲ್. ಫಾರಂ ಮುಂದೆ ಹೋಗಲಿ ಎಂದು ಸುಮ್ನೆ ತುಂಬಿದ್ದು. ಇವುಗಳ ಕೀ ಖಾಲಿ ಮಾಡಿದೆ. ಹಾಗೆ ಮಾಡದಿದ್ದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಎಷ್ಟೋ ಜನ ಒಂದೇ ಗ್ರಾಹಕರಾಗಿಬಿಡುತ್ತಾರೆ.

ಈಗ ಗುಂಪು ಮಾಡುವ ಕೆಲಸ. ನಾಲ್ಕು ಸಾಲುಗಳ ಒಂದು ಉದಾಹರಣೆ ಇಟ್ಟುಕೊಳ್ಳೋಣ, ಹೆಸರು ನಾನು ಬದಲಿಸಿದ್ದೇನೆ. ಎರಡನೇ ಸಾಲು A-0212, ಸುಮಾ ಆರ್, ಫೋನ್ ಇದೆ, ಇಮೇಲ್ ಇಲ್ಲ. ಮೂರನೇ ಸಾಲು A-0540, ರವಿ ರಾವ್, ಅದೇ ಫೋನ್. ನಾಲ್ಕನೇ ಸಾಲು B-0087, Suma Rao, ಮತ್ತೆ ಅದೇ ಫೋನ್, ಜೊತೆಗೆ ಒಂದು ಇಮೇಲ್. ಐದನೇ ಸಾಲು B-0310, S. Rao, ಫೋನ್ ಬೇರೆ, ಇಮೇಲ್ ಮಾತ್ರ ನಾಲ್ಕನೇ ಸಾಲಿನದ್ದೇ.

ಫೋನ್ ಒಂದನ್ನೇ ನಂಬಿದರೆ ರವಿಯೂ ಸುಮಾ ಆಗುತ್ತಾರೆ, S. Rao ಹೊರಗೆ ಉಳಿಯುತ್ತಾರೆ. ಎರಡೂ ತಪ್ಪು. ಒಂದು ಮನೆಯವರು ಒಂದೇ ನಂಬರ್ ಕೊಡುವುದು ಸಾಮಾನ್ಯ, ಅಲ್ವಾ? ಅದಕ್ಕೆ ಒಂದೇ ಕೀ ಇದ್ದು ಹೆಸರು ತಾಳೆಯಾಗದ ಗುಂಪುಗಳನ್ನೆಲ್ಲ ಕಣ್ಣಿನಿಂದ ನೋಡಿದೆ. ಈ ಕೆಲಸಕ್ಕೆ ಅಡ್ಡದಾರಿ ನನಗೆ ಸಿಗಲಿಲ್ಲ, ಹೆಚ್ಚು ಹೊತ್ತು ಹಿಡಿದದ್ದೂ ಇದೇ. G ಮತ್ತು H ಕಾಲಂಗಳನ್ನು ಫಾರ್ಮುಲಾ ಬಿಡಿಸಿ ಬರೀ ಮೌಲ್ಯವಾಗಿ ಅಂಟಿಸಿಕೊಂಡು, ರವಿಯ ಸಾಲಿನಲ್ಲಿ ಫೋನ್ ಕೀ ಮಾತ್ರ ಅಳಿಸಿದೆ. C ಕಾಲಂನ ನಂಬರ್ ಹಾಗೇ ಇದೆ. ಅವರಿಗೆ ಅದೇ ನಂಬರ್‌ಗೆ ಫೋನ್ ಮಾಡಬಹುದು, ಆದರೆ ಆ ನಂಬರ್ ಅವರನ್ನು ಯಾರ ಜೊತೆಗೂ ಸೇರಿಸುವುದಿಲ್ಲ.

ನಂತರ I ಕಾಲಂನಲ್ಲಿ ಸಾಲಿನ ಸಂಖ್ಯೆಯನ್ನು ಮೌಲ್ಯವಾಗಿ ಅಂಟಿಸಿದೆ. ಅದೇ ಆರಂಭದ ಗುಂಪು ಸಂಖ್ಯೆ.

```
J2: =IF(G2="",I2,MINIFS(I:I,G:G,G2))
K2: =IF(H2="",J2,MINIFS(J:J,H:H,H2))
```

J ಕಾಲಂ ಒಂದೇ ಫೋನ್ ಇರುವವರಿಗೆ ಅವರಲ್ಲಿನ ಅತಿ ಸಣ್ಣ ಸಂಖ್ಯೆ ಕೊಡುತ್ತದೆ. K ಕಾಲಂ ಅದನ್ನೇ ಇಮೇಲ್ ಮೂಲಕ ಮುಂದಕ್ಕೆ ಒಯ್ಯುತ್ತದೆ. ನಮ್ಮ ನಾಲ್ಕು ಸಾಲುಗಳಿಗೆ I ಕಾಲಂನಲ್ಲಿ 2, 3, 4, 5. J ಕಾಲಂನಲ್ಲಿ 2, 3, 2, 5. K ಕಾಲಂನಲ್ಲಿ 2, 3, 2, 2. ಸುಮಾ ಅವರ ಮೂರು ಸಾಲು ಒಂದಾದವು, ರವಿ ಬೇರೆ ಉಳಿದರು. A-0212 ಮತ್ತು B-0310 ನಡುವೆ ಒಂದೇ ಒಂದು ಮಾಹಿತಿಯೂ ಸಮಾನವಿಲ್ಲ, ಮಧ್ಯದ ಸಾಲು ಅವನ್ನು ಕಟ್ಟಿತು ನೋಡಿ. ಕೊಂಡಿ ಇನ್ನೂ ಉದ್ದ ಇದ್ದರೆ ಮತ್ತೆ ಫೋನ್, ಮತ್ತೆ ಇಮೇಲ್ ಎಂದು ಇನ್ನಷ್ಟು ಕಾಲಂ ಸೇರಿಸಬೇಕು. ಇಡೀ ಒಂದು ಸುತ್ತಿನಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಬಹುದು. ಗುಂಪೊಂದು ತೀರಾ ದೊಡ್ಡದಾದರೆ ಅದರ ನಡುವೆ ಎಲ್ಲೋ ಒಂದು ಸುಳ್ಳು ಕೀ ಉಳಿದಿದೆ ಎಂದೇ ಲೆಕ್ಕ.

ಎರಡನೇ ಪ್ರಶ್ನೆಗೆ ಇಡೀ ಸಾಲಿಗೆ ಒಂದೇ ನಿಯಮ ಹಾಕಲಿಲ್ಲ. ಫೋನ್, ಇಮೇಲ್, ವಿಳಾಸ ಹೊಸದಾಗಿ ತಿದ್ದಿದ ಸಾಲಿನದ್ದು, ಆದರೆ ಖಾಲಿ ಸೆಲ್ ತುಂಬಿದ ಸೆಲ್ಲನ್ನು ಎಂದೂ ಗೆಲ್ಲಬಾರದು. ಹೆಸರು ಬಿಲ್ಲಿಂಗ್‌ದು. ಗ್ರಾಹಕರಾದ ತಾರೀಖು ಇರುವುದರಲ್ಲಿ ಹಳೆಯದು. ಮೆಸೇಜ್ ಕಳಿಸಬೇಡಿ ಎಂದು ಎಲ್ಲಾದರೂ ಒಂದು ಕಡೆ ಬರೆದಿದ್ದರೂ ಬೇಡ ಎಂದೇ ಉಳಿಯುತ್ತದೆ, ತಾರೀಖು ಯಾವುದೇ ಇರಲಿ. All ಶೀಟ್‌ನ ಗುಂಪು ಸಂಖ್ಯೆಯನ್ನು ಮೌಲ್ಯವಾಗಿಸಿ, ಹೊಸ ತಾರೀಖು ಮೇಲೆ ಬರುವಂತೆ ಸಾರ್ಟ್ ಮಾಡಿದ ಮೇಲೆ, ಹೊಸ ಪಟ್ಟಿಯಲ್ಲಿ ಇಮೇಲ್‌ಗೆ ಹೀಗೆ ಹಾಕಿದೆ. ಇಲ್ಲಿನ A2 ಹೊಸ ಪಟ್ಟಿಯ ಗುಂಪು ಸಂಖ್ಯೆ.

```
=IFERROR(INDEX(FILTER(All!D:D,All!K:K=A2,All!D:D<>""),1),"")
```

ಇದೆಲ್ಲ ತಾರೀಖು ಸರಿ ಇದ್ದರೆ ಮಾತ್ರ. ಒಂದು ಶೀಟ್‌ನಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು ಇದ್ದರೆ 03/04 ಏಪ್ರಿಲ್ಲೋ ಮಾರ್ಚೋ ಹೇಳಲಾಗದು. ಕಂಡುಹಿಡಿಯುವುದು ಸುಲಭ. ಕೆಲವು ತಾರೀಖು ಸೆಲ್‌ನ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿರುತ್ತವೆ. ಎಡಕ್ಕಿರುವವುಗಳಲ್ಲಿ ದಿನ 12ಕ್ಕಿಂತ ಜಾಸ್ತಿ, ಅಂದರೆ ಶೀಟ್‌ಗೆ ಅವು ತಾರೀಖು ಎಂದೇ ತಿಳಿಯದೆ ಪಠ್ಯವಾಗಿ ಉಳಿದಿವೆ. ಹಾಗಿದ್ದರೆ ಬಲಕ್ಕಿರುವವು ದಿನ, ತಿಂಗಳು ಅದಲುಬದಲಾಗಿ ಒಳಗೆ ಬಂದಿವೆ. ಎಡದವನ್ನು ಮಾತ್ರ ತಿದ್ದಿ ಪ್ರಯೋಜನ ಇಲ್ಲ, ಶೀಟ್‌ನ ಲೊಕೇಲ್ ಸರಿ ಮಾಡಿ ಮತ್ತೆ ಆಮದು ಮಾಡಬೇಕು.

ಕೊನೆಗೆ ತಾಳೆ. A ಕಾಲಂನ ಗುರುತು ಮತ್ತು ಹೊಸ ಗ್ರಾಹಕ ಸಂಖ್ಯೆ, ಈ ಎರಡೇ ಕಾಲಂಗಳ ಇನ್ನೊಂದು ಶೀಟ್ ಮಾಡಿಟ್ಟೆ. ಅದರ ಸಾಲುಗಳ ಸಂಖ್ಯೆ ಮೂಲದ ಎರಡೂ ಶೀಟ್‌ಗಳ ಒಟ್ಟು ಸಾಲಿಗೆ ಸಮ ಇರಬೇಕು, ಯಾವ ಗುರುತೂ ಎರಡು ಸಲ ಬರಬಾರದು. ಬಿಲ್ಲಿಂಗ್‌ನ ಬಾಕಿ ಮೊತ್ತ ಸಾಲುಗಳನ್ನು ಸೇರಿಸುವ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇರಬೇಕು. ಮೊತ್ತ ಕಡಿಮೆಯಾಗಿದ್ದರೆ ಯಾರದ್ದೋ ಎರಡು ಸಾಲಿನಲ್ಲಿ ಒಂದರ ಬಾಕಿ ಮಾತ್ರ ಉಳಿದಿದೆ. ಒಂದೇ ಗುಂಪಿನ ಬಾಕಿಗಳನ್ನು ಕೂಡಬೇಕು, ಹೊಸದನ್ನು ಆರಿಸುವುದಲ್ಲ.

ಹೆಸರು ನೋಡಿಯೂ ತೀರ್ಮಾನ ಆಗದ ಜೋಡಿಗಳು ಉಳಿದವು. ಅವನ್ನು ಸೇರಿಸದೆ ಬೇರೆಯಾಗಿಯೇ ಬಿಟ್ಟು, ಪಕ್ಕದಲ್ಲಿ ಸಂಶಯ ಎಂದು ಒಂದು ಕಾಲಂ ಹಾಕಿದೆ. ಆ ಗ್ರಾಹಕರು ಮುಂದಿನ ಸಲ ಫೋನ್ ಮಾಡಿದಾಗ ಅವರನ್ನೇ ಕೇಳಿ, ಗುರುತುಗಳ ಶೀಟ್‌ನಲ್ಲಿ ಒಂದು ಸಂಖ್ಯೆ ಬದಲಿಸುತ್ತೇವೆ. ತಪ್ಪಾಗಿ ಸೇರಿದವರನ್ನು ಬಿಡಿಸುವುದಕ್ಕೂ ಅದೇ ಶೀಟ್.